ಮಣ್ಣಿನ ಲ್ಯಾಬಿನಿಂದ ಪಿಎಚ್‌ಡಿ ಸಂದರ್ಶನಕ್ಕೆ: ಮೊದಲ ಎರಡು ನಿಮಿಷ

ಪ್ರಶ್ನೆ: ಮೇಡಂ, ನಮಸ್ಕಾರ. ನನಗೆ 41 ವರ್ಷ. ಊರು ಸಿಂಧನೂರು. 2008ರಲ್ಲಿ ಮಣ್ಣು ವಿಜ್ಞಾನದಲ್ಲಿ ಎಂ.ಎಸ್ಸಿ ಮುಗಿಸಿದೆ. ಮದುವೆ, ಮಗು ಅಂತ ನಾಲ್ಕು ವರ್ಷ ಮನೆಯಲ್ಲಿದ್ದೆ. 2012ರಿಂದ ಮಣ್ಣು ಪರೀಕ್ಷಾ ಲ್ಯಾಬಿನಲ್ಲಿ ಕೆಲಸ ಮಾಡುತ್ತಿದ್ದೇನೆ. ಸವಳು ಭೂಮಿ ಬಗ್ಗೆ ಪಿಎಚ್‌ಡಿ ಮಾಡಲು ಫೆಲೋಶಿಪ್‌ಗೆ ಅರ್ಜಿ ಹಾಕಿದ್ದೆ, ಸಂದರ್ಶನದ ಕರೆ ಬಂದಿದೆ. ಇನ್ನು ಐದು ವಾರ ಇದೆ. ‘ನಿಮ್ಮ ಬಗ್ಗೆ ಹೇಳಿ’ ಅಂದರೆ ಏನು ಹೇಳಲಿ? ಉಳಿದವರೆಲ್ಲ 25 ವರ್ಷದವರು. ನಾನು ಬರೆದುಕೊಂಡ ಕರಡು ಕಳಿಸಿದ್ದೇನೆ, ದಯವಿಟ್ಟು ತಿದ್ದಿ ಕೊಡಿ.

ಉತ್ತರ: ಕರಡನ್ನು ಎರಡು ಸಲ ಓದಿದೆ. ಅದರಲ್ಲಿ 22 ವಾಕ್ಯಗಳಿವೆ. ನೀವು ಶುರು ಮಾಡಬೇಕಾದದ್ದು 19ನೇ ವಾಕ್ಯದಿಂದ. ಅಲ್ಲಿ ನೀವು ಹೀಗೆ ಬರೆದಿದ್ದೀರಿ: ‘ಒಂದೇ ಕಾಲುವೆಯ ಇಬ್ಬರು ರೈತರಿಗೆ ಒಂದೇ ಸಲಹೆ ಬರೆದುಕೊಟ್ಟೆ, ಇಬ್ಬರಿಗೂ ಉಪಯೋಗ ಆಗಲಿಲ್ಲ, ಯಾಕೆ ಅಂತ ಇವತ್ತಿಗೂ ಯೋಚಿಸುತ್ತೇನೆ.’

ಅದಕ್ಕಿಂತ ಮೊದಲಿನ 18 ವಾಕ್ಯಗಳಲ್ಲಿ ನಿಮ್ಮ ಹೆಸರು, ಊರು, ತಂದೆಯವರ ಒಕ್ಕಲುತನ, ಶಾಲೆ, ಕಾಲೇಜು, ಅಂಕ, ಮದುವೆ, ನೌಕರಿ ಸೇರಿದ ತಾರೀಖು ಇವೆ. ಇವೆಲ್ಲ ಅರ್ಜಿಯಲ್ಲೇ ಇವೆಯಲ್ವಾ? ಸಂದರ್ಶನದ ದಿನ ಆ ಅರ್ಜಿ ಸದಸ್ಯರ ಕೈಯಲ್ಲೇ ಇರುತ್ತದೆ. ನೀವು ಮಾತಾಡುವಾಗ ಅದನ್ನು ತಿರುವುತ್ತಿರುತ್ತಾರೆ. ಕಾಗದದಲ್ಲಿ ಇರುವುದನ್ನೇ ನೀವು ಬಾಯಲ್ಲಿ ಹೇಳಿದರೆ ಅವರ ಕಣ್ಣು ಕಾಗದದ ಮೇಲೇ ಉಳಿಯುತ್ತದೆ. ನಿಮ್ಮ ಕಡೆ ಬರುವುದಿಲ್ಲ.

ನಾನೂ 38ನೇ ವಯಸ್ಸಿನಲ್ಲಿ ಓದಿಗೆ ವಾಪಸ್ ಬಂದವಳು. ಮೊದಲ ಸಂದರ್ಶನದಲ್ಲಿ ನನ್ನ ಕೆಲಸಗಳನ್ನೆಲ್ಲ ವರ್ಷದ ಲೆಕ್ಕದಲ್ಲಿ ಹೇಳುತ್ತಾ ಹೋದೆ. ಎಲ್ಲರೂ ಸುಮ್ನೆ ಕೇಳಿದರು. ಮುಗಿದ ಮೇಲೆ ಒಬ್ಬ ಹಿರಿಯರು ಒಂದೇ ಪ್ರಶ್ನೆ ಕೇಳಿದರು: ‘ಇಷ್ಟು ವರ್ಷ ಕೆಲಸ ಮಾಡಿದ್ದೀರಿ, ನಿಮಗೆ ಬಗೆಹರಿಯದೆ ಉಳಿದದ್ದು ಯಾವುದು?’ ನನ್ನ ಹತ್ತಿರ ಉತ್ತರ ಇತ್ತು. ಆದರೆ ಅದನ್ನು ಹೇಳಬಹುದು ಎಂದು ನಾನು ಅಂದುಕೊಂಡಿರಲೇ ಇಲ್ಲ. ಹಾಗಾಗಿ ತಡವರಿಸಿದೆ. ಆ ಸೀಟು ಸಿಗಲಿಲ್ಲ. ಮುಂದೆ ನಾನೇ ಆಯ್ಕೆ ಸಮಿತಿಗಳಲ್ಲಿ ಕೂತಾಗ, ಕೆಲಸದಿಂದ ಬಂದವರ ಬಾಯಲ್ಲಿ ಆ ಹಿರಿಯರು ಕೇಳಿದ್ದನ್ನೇ ಕಾಯುತ್ತಿದ್ದೆ. ಹೆಚ್ಚಿನವರು ಅದನ್ನು ಕೊನೆಯಲ್ಲಿ ಹೇಳುತ್ತಿದ್ದರು, ಇಲ್ಲವೇ ಹೇಳುತ್ತಲೇ ಇರಲಿಲ್ಲ.

ಸಮಿತಿ ಏನು ಹುಡುಕುತ್ತದೆ ಎನ್ನುವುದರಲ್ಲಿ ಗುಟ್ಟೇನೂ ಇಲ್ಲ. ಯುಜಿಸಿಯ 2016ರ ಪಿಎಚ್‌ಡಿ ನಿಯಮಗಳಲ್ಲಿ ಸಂದರ್ಶನದಲ್ಲಿ ನೋಡಬೇಕಾದ ಮೂರು ವಿಷಯ ಬರೆದಿದ್ದರು. ಈ ಸಂಶೋಧನೆ ಮಾಡುವ ಸಾಮರ್ಥ್ಯ ಅಭ್ಯರ್ಥಿಗೆ ಇದೆಯೇ? ಈ ಕೆಲಸವನ್ನು ಈ ಸಂಸ್ಥೆಯಲ್ಲಿ ಮಾಡಲು ಆಗುತ್ತದೆಯೇ? ಇದರಿಂದ ಹೊಸದಾಗಿ ಏನಾದರೂ ಗೊತ್ತಾಗುತ್ತದೆಯೇ? ಆಮೇಲೆ ನಿಯಮಗಳು ಬದಲಾಗಿವೆ, ಫೆಲೋಶಿಪ್‌ಗಳಿಗೆ ತಮ್ಮದೇ ಷರತ್ತುಗಳೂ ಇರುತ್ತವೆ. ಆದರೆ ಮೇಜಿನ ಆ ಕಡೆ ಕೂತವರ ತಲೆಯಲ್ಲಿ ಓಡುವುದು ಈ ಮೂರೇ. ನಿಮ್ಮ ಕರಡಿನ ಮೊದಲ 18 ವಾಕ್ಯಗಳು ಈ ಮೂರರಲ್ಲಿ ಒಂದಕ್ಕೂ ಉತ್ತರ ಕೊಡುವುದಿಲ್ಲ. 19ನೆಯದು ಮೂರಕ್ಕೂ ಬಾಗಿಲು ತೆರೆಯುತ್ತದೆ.

ಆ ವಾಕ್ಯದ ಒಳಗೆ ಏನಿದೆ ಅಂತ ನೋಡೋಣ. ನೀವು ಕರಡಿನ ಜೊತೆ ಇಟ್ಟ ಟಿಪ್ಪಣಿಯಲ್ಲಿ ವಿವರ ಇದೆ. 2017ರ ಬೇಸಿಗೆ. ತುಂಗಭದ್ರಾ ಎಡದಂಡೆ ಕಾಲುವೆಯ ಒಂದು ವಿತರಣಾ ಕಾಲುವೆ. ಒಬ್ಬರ ಹೊಲ ಮೇಲ್ಭಾಗದಲ್ಲಿ, ಇನ್ನೊಬ್ಬರದು ಟೇಲ್ ಎಂಡ್‌ನಲ್ಲಿ. ಇಬ್ಬರದೂ ಎರೆ ಹೊಲ. ಇಬ್ಬರ ಮಣ್ಣಿನಲ್ಲೂ ಉಪ್ಪಿನ ಅಳತೆ ಹತ್ತಿರ ಹತ್ತಿರ ಒಂದೇ ಬಂತು. ಇಸಿ, ಅಂದರೆ ಉಪ್ಪು ಹೆಚ್ಚಿದಷ್ಟೂ ಏರುವ ವಿದ್ಯುತ್ ವಾಹಕತೆ, ಒಂದರಲ್ಲಿ 1.6, ಇನ್ನೊಂದರಲ್ಲಿ 1.8. ಪಿಎಚ್ ಎರಡರಲ್ಲೂ 8.1ರ ಸುತ್ತಮುತ್ತ. ಸಂಖ್ಯೆ ಒಂದೇ ಆದ್ದರಿಂದ ಸಲಹೆಯೂ ಒಂದೇ ಆಯಿತು: ಒಳ್ಳೆಯ ನೀರು ಕಟ್ಟಿ ಉಪ್ಪನ್ನು ಬಸಿದು ಹೋಗುವಂತೆ ಮಾಡಿ. ಮೇಲ್ಭಾಗದವರ ಹೊಲದಲ್ಲಿ ವರ್ಷಕ್ಕೆ ಎರಡು ಸಲ ನೆಲ್ಲು. ನೀರು ನಿಂತೇ ಇರುತ್ತದೆ, ಬಸಿಯುವುದೇ ಇಲ್ಲ. ಕೊನೆ ಭಾಗದವರಿಗೆ ಕಾಲುವೆ ನೀರು ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಅವರು ಹಳ್ಳಕ್ಕೆ ಮೋಟಾರು ಇಟ್ಟು ನೀರು ಎತ್ತುತ್ತಾರೆ. ಆ ಹಳ್ಳದಲ್ಲಿ ಹರಿಯುವುದು ಮೇಲಿನ ನೆಲ್ಲಿನ ಮಡಿಗಳಿಂದ ಬಸಿದು ಬಂದ ನೀರು. ಒಬ್ಬರಿಗೆ ಬಸಿಯುವ ದಾರಿ ಇಲ್ಲ, ಇನ್ನೊಬ್ಬರಿಗೆ ಬಸಿಯುವುದಕ್ಕೆ ಒಳ್ಳೆಯ ನೀರಿಲ್ಲ. ಕಾಗದದ ಮೇಲೆ ಎರಡೂ ಒಂದೇ ಮಣ್ಣು.

ತಂಗಿ, ಇದೇ ನಿಮ್ಮ ಪರಿಚಯ. 25 ವರ್ಷದ ಒಳ್ಳೆಯ ವಿದ್ಯಾರ್ಥಿ ಪುಸ್ತಕ ಓದಿ ಸವಳಿನ ಕಾರಣಗಳನ್ನು ನಿಮಗಿಂತ ಚೆನ್ನಾಗಿ ಹೇಳಬಹುದು. ಆದರೆ ಒಂದೇ ಸಂಖ್ಯೆಯ ಹಿಂದೆ ಎರಡು ಬೇರೆ ಕಾರಣ ಇರಬಹುದು ಎಂದು ತಾವೇ ಕೈಯಾರೆ ಸಲಹೆ ಬರೆದುಕೊಟ್ಟ ಎರಡು ಕಾರ್ಡುಗಳಿಂದ ಅವರು ಕಲಿತಿಲ್ಲ.

ಕರಡನ್ನು ತಿರುಗಿಸಿ ಬರೆದಿದ್ದೇನೆ. ನಿಮ್ಮ ಬಾಯಿಗೆ ಒಗ್ಗುವ ಹಾಗೆ ಮಾತು ಬದಲಿಸಿಕೊಳ್ಳಿ, ಆದರೆ ಸಂಗತಿಗಳ ಕ್ರಮ ಹಾಗೇ ಇರಲಿ.

‘ನಮಸ್ಕಾರ. ನಾನು 2012ರಿಂದ ಸಿಂಧನೂರು ಭಾಗದ ಮಣ್ಣು ಪರೀಕ್ಷಾ ಲ್ಯಾಬಿನಲ್ಲಿ ವಿಶ್ಲೇಷಣೆ ಮಾಡುತ್ತಿದ್ದೇನೆ. 2017ರ ಬೇಸಿಗೆಯಲ್ಲಿ ಒಂದೇ ವಿತರಣಾ ಕಾಲುವೆಯ ಇಬ್ಬರು ರೈತರ ಮಣ್ಣು ನನ್ನ ಮೇಜಿಗೆ ಬಂತು. ಒಬ್ಬರ ಹೊಲ ಮೇಲ್ಭಾಗದಲ್ಲಿ, ಇನ್ನೊಬ್ಬರದು ಕೊನೆ ಭಾಗದಲ್ಲಿ. ಇಸಿ, ಪಿಎಚ್ ಎರಡೂ ಹೆಚ್ಚುಕಡಿಮೆ ಒಂದೇ ಇದ್ದವು. ಇಬ್ಬರಿಗೂ ಒಳ್ಳೆಯ ನೀರು ಕಟ್ಟಿ ಉಪ್ಪು ಬಸಿಯಿರಿ ಎಂದು ಬರೆದುಕೊಟ್ಟೆ. ಮೇಲಿನವರ ಹೊಲದಲ್ಲಿ ನೀರು ಬಸಿಯುವುದಿಲ್ಲ. ಕೊನೆಯವರಿಗೆ ಒಳ್ಳೆಯ ನೀರು ಬರುವುದಿಲ್ಲ. ನನ್ನ ಸಲಹೆ ಇಬ್ಬರಿಗೂ ಕೆಲಸಕ್ಕೆ ಬರಲಿಲ್ಲ.

‘ನನ್ನ ಸಂಶೋಧನೆಯ ಪ್ರಶ್ನೆ ಅಲ್ಲಿಂದ ಬಂದದ್ದು. ಒಂದೇ ಕಾಲುವೆಯ ಮೇಲ್ಭಾಗದ ಸವಳಿಗೂ ಕೊನೆ ಭಾಗದ ಸವಳಿಗೂ ಕಾರಣ ಬೇರೆ ಬೇರೆಯೇ? ಬೇರೆ ಆದರೆ, ಮಣ್ಣಿನ ಯಾವ ಅಳತೆಯಿಂದ ಅದನ್ನು ಗುರುತಿಸಬಹುದು? ಇದಕ್ಕೆ ಒಂದು ಕಾಲುವೆಯ ಉದ್ದಕ್ಕೂ ಬೇರೆ ಬೇರೆ ಆಳದ ಮಣ್ಣು, ಅಂತರ್ಜಲದ ಮಟ್ಟ, ರೈತರು ಕಟ್ಟುವ ನೀರು, ಈ ಮೂರನ್ನೂ ಎರಡು ವರ್ಷ ಅಳೆಯಬೇಕು.

‘ಮಣ್ಣಿನ ಪರೀಕ್ಷೆ ನನಗೆ ಕೈಯಲ್ಲಿರುವ ಕೆಲಸ. ಆ ಹಳ್ಳಿಗಳ ರೈತರು ಗೊತ್ತು. ಅಂಕಿಅಂಶಗಳ ವಿಶ್ಲೇಷಣೆಯಲ್ಲಿ ನಾನು ಹಿಂದಿದ್ದೇನೆ, ಈಗ ಕಲಿಯಲು ಶುರು ಮಾಡಿದ್ದೇನೆ. ಎಂ.ಎಸ್ಸಿ ಆದ ಮೇಲೆ ನಾಲ್ಕು ವರ್ಷ ಮಗುವಿನ ಜೊತೆ ಮನೆಯಲ್ಲಿದ್ದೆ. ಆಯ್ಕೆಯಾದರೆ ರಜೆ ತೆಗೆದುಕೊಂಡು ಪೂರ್ಣಾವಧಿ ಬರುತ್ತೇನೆ, ಅದಕ್ಕೆ ಕಚೇರಿಯ ಒಪ್ಪಿಗೆ ಪತ್ರ ತಂದಿದ್ದೇನೆ.’

ಇಷ್ಟೇ. ನಿಧಾನವಾಗಿ ಹೇಳಿದರೂ ಎರಡು ನಿಮಿಷದ ಒಳಗೆ ಮುಗಿಯಬೇಕು. ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ನೋಡಿ. ಎರಡೂವರೆ ನಿಮಿಷ ದಾಟಿದರೆ ಕತೆ ಉದ್ದ ಆಗಿದೆ ಎಂದರ್ಥ. ಆಗ 2017ರ ಭಾಗದಿಂದ ಒಂದು ವಾಕ್ಯ ತೆಗೆಯಿರಿ. ಪ್ರಶ್ನೆಯ ಭಾಗ ಮುಟ್ಟಬೇಡಿ.

ಇನ್ನು ನಾನು ಜಾಸ್ತಿ ಹೇಳಬೇಕಾದದ್ದು ಇದರ ಮುಂದಿನ ಭಾಗ. ಪರಿಚಯ ಎನ್ನುವುದು ಎರಡು ನಿಮಿಷಕ್ಕೆ ಮುಗಿಯುವುದಿಲ್ಲ. ನೀವು ಹೇಳಿದ ಒಂದೊಂದು ಮಾತನ್ನೂ ಹಿಡಿದು ಮುಂದಿನ ಹದಿನೈದು ನಿಮಿಷ ಪ್ರಶ್ನೆ ಬರುತ್ತದೆ. ಹೀಗಾಗಿ ಪರಿಚಯದಲ್ಲಿ ಏನು ಹೇಳುತ್ತೀರೋ ಅದರ ಕೆಳಗಿನ ನೆಲ ಗಟ್ಟಿ ಇರಬೇಕು. ಕೆಲಸದಿಂದ ಬಂದವರು ಹೆಚ್ಚಾಗಿ ಎಡವುವುದು ಇಲ್ಲೇ. ಅನುಭವ ಇದೆ ಎನ್ನುವ ಧೈರ್ಯದಲ್ಲಿ ತಮ್ಮ ದಿನದ ಕೆಲಸವನ್ನೇ ಒಮ್ಮೆ ಹೊರಗಿನವರ ಕಣ್ಣಿನಿಂದ ನೋಡಿರುವುದಿಲ್ಲ.

ನಿಮ್ಮ ವಿಷಯದಲ್ಲಿ ಅಂಥ ಜಾಗ ಒಂದು ಚೆನ್ನಾಗಿ ಕಾಣುತ್ತದೆ. ಕರಡಿನ 20ನೇ ವಾಕ್ಯ: ‘ನಮ್ಮ ದಾಖಲೆಯಲ್ಲಿ ಇಸಿ 4 ದಾಟಿದ ಮಣ್ಣು ಕಡಿಮೆ, ಆದರೂ ಬೆಳೆ ಹಾಳಾಗುತ್ತಿದೆ.’ ಇದನ್ನು ಹೀಗೇ ಹೇಳಿದರೆ ಸಮಿತಿಯಲ್ಲಿ ಮಣ್ಣು ವಿಜ್ಞಾನದವರು ಯಾರಿದ್ದರೂ ಮೊದಲ ಪ್ರಶ್ನೆ ಇದರ ಮೇಲೇ ಬರುತ್ತದೆ. 4 ಎನ್ನುವ ಗಡಿ ನಿಮ್ಮ ಲ್ಯಾಬಿನ ಅಳತೆಗೆ ಸೇರಿದ್ದಲ್ಲ.

ನಿಮ್ಮಲ್ಲಿ ಒಂದು ಭಾಗ ಮಣ್ಣಿಗೆ ಎರಡೂವರೆ ಭಾಗ ನೀರು ಹಾಕಿ ಇಸಿ ನೋಡುತ್ತೀರಿ. 20 ಗ್ರಾಂ ಮಣ್ಣಿಗೆ 50 ಮಿಲಿ ನೀರು. ಪುಸ್ತಕದಲ್ಲಿ ಬರುವ, ಮೀಟರಿಗೆ 4 ಡೆಸಿಸೀಮೆನ್ಸ್ ಎನ್ನುವ ಗಡಿ ಸ್ಯಾಚುರೇಶನ್ ಪೇಸ್ಟ್‌ನಿಂದ ತೆಗೆದ ದ್ರಾವಣಕ್ಕೆ ಸೇರಿದ್ದು. ಅದರಲ್ಲಿ ಮಣ್ಣು ತುಂಬಿಕೊಳ್ಳುವಷ್ಟು ಮಾತ್ರ ನೀರು ಇರುತ್ತದೆ. ನೀರು ಕಡಿಮೆ ಇದ್ದರೆ ಅದೇ ಉಪ್ಪು ಗಟ್ಟಿಯಾಗಿ ತೋರುತ್ತದೆ, ನೀರು ಜಾಸ್ತಿ ಆದರೆ ತೆಳುವಾಗಿ ತೋರುತ್ತದೆ. ಲೆಕ್ಕ ಹಾಕಿ ನೋಡಿ. ನಿಮ್ಮ ಕಡೆಯ ಎರೆ ಮಣ್ಣು 100 ಗ್ರಾಂ ತೆಗೆದುಕೊಂಡು ಪೇಸ್ಟ್ ಮಾಡಲು 70 ಮಿಲಿ ನೀರು ಹಿಡಿಯಿತು ಎಂದುಕೊಳ್ಳಿ. ಅದೇ 100 ಗ್ರಾಂಗೆ ನಿಮ್ಮ ವಿಧಾನದಲ್ಲಿ 250 ಮಿಲಿ ನೀರು ಹೋಗುತ್ತದೆ. 250ನ್ನು 70ರಿಂದ ಭಾಗಿಸಿದರೆ ಸುಮಾರು ಮೂರೂವರೆ ಪಟ್ಟು. ಅಂದರೆ 2017ರ ನಿಮ್ಮ 1.6, ಪೇಸ್ಟ್ ಲೆಕ್ಕದಲ್ಲಿ 5.7ರ ಹತ್ತಿರ ಇರಬಹುದು. ನೆಲ್ಲಿನ ಇಳುವರಿ ಪೇಸ್ಟ್ ಲೆಕ್ಕದ 3ರ ಸುಮಾರಿನಿಂದಲೇ ಇಳಿಯಲು ಶುರುವಾಗುತ್ತದೆ. ‘4 ದಾಟಿಲ್ಲ, ಆದರೂ ಬೆಳೆ ಹಾಳಾಗುತ್ತಿದೆ’ ಎನ್ನುವ ನಿಮ್ಮ ಆಶ್ಚರ್ಯದ ಅರ್ಧ ಅಲ್ಲೇ ಕರಗಿ ಹೋಯಿತು.

ಈ ಗುಣಾಕಾರವನ್ನೂ ಪೂರ್ತಿ ನಂಬಬಾರದು. ಅದು ಸರಿಯಾಗುವುದು ಉಪ್ಪೆಲ್ಲ ಸುಲಭವಾಗಿ ಕರಗುವಂಥದ್ದಾದರೆ ಮಾತ್ರ. ಮಣ್ಣಿನಲ್ಲಿ ಜಿಪ್ಸಂ ಇದ್ದರೆ ನೀರು ಹೆಚ್ಚಾದಷ್ಟೂ ಅದು ಇನ್ನಷ್ಟು ಕರಗುತ್ತದೆ, ಆಗ ಲೆಕ್ಕ ತಪ್ಪುತ್ತದೆ. ಮಸಾರಿ ಮಣ್ಣು ಕಡಿಮೆ ನೀರಿಗೇ ಪೇಸ್ಟ್ ಆಗುತ್ತದೆ, ಅಲ್ಲಿ ಪಟ್ಟು ಬೇರೆ. ಹಾಗಾಗಿ ಇದನ್ನು ಪರಿಚಯದಲ್ಲಿ ಹೇಳಲು ಹೋಗಬೇಡಿ. ಆದರೆ ಯಾರಾದರೂ ‘ನಿಮ್ಮ ಇಸಿ ಯಾವ ದ್ರಾವಣದಲ್ಲಿ ಅಳೆದದ್ದು?’ ಎಂದು ಕೇಳಿದ ತಕ್ಷಣ ಹೀಗೆ ಹೇಳಿ: ‘1:2.5ರಲ್ಲಿ. ಅದನ್ನು ನೇರವಾಗಿ 4ಕ್ಕೆ ಹೋಲಿಸಲು ಆಗುವುದಿಲ್ಲ. ಸಂಶೋಧನೆಯಲ್ಲಿ ಪೇಸ್ಟ್ ವಿಧಾನವನ್ನೇ ಬಳಸುತ್ತೇನೆ. ಹಳೆಯ ದಾಖಲೆಯನ್ನು ಒಂದರ ಜೊತೆ ಇನ್ನೊಂದನ್ನು ಹೋಲಿಸಲು ಮಾತ್ರ ಇಟ್ಟುಕೊಳ್ಳುತ್ತೇನೆ.’ ಈ ನಾಲ್ಕು ವಾಕ್ಯ ಕೇಳಿದರೆ ಸಮಿತಿಗೆ ನಿಮ್ಮ ಸಾಮರ್ಥ್ಯದ ಬಗ್ಗೆ ಬೇರೆ ಪುರಾವೆ ಬೇಕಾಗುವುದಿಲ್ಲ.

ಎರಡನೆಯ ಜಾಗ ನಿಮ್ಮ ದಾಖಲೆಯೇ. ಕರಡಿನಲ್ಲಿ ‘ನನ್ನ ಬಳಿ ಸಾವಿರಾರು ಮಾದರಿಗಳ ಮಾಹಿತಿ ಇದೆ’ ಎಂದು ಹೆಮ್ಮೆಯಿಂದ ಬರೆದಿದ್ದೀರಿ. ಹೆಮ್ಮೆ ಸಹಜ. ಆದರೆ ಆ ಮಣ್ಣನ್ನು ಯಾರು, ಯಾವ ಹೊಲದಿಂದ, ಯಾವ ತಿಂಗಳಲ್ಲಿ ತಂದರು ಎಂದು ಕೇಳುತ್ತಾರೆ. ಮಣ್ಣು ಆರೋಗ್ಯ ಕಾರ್ಡ್ ಯೋಜನೆ 2015ರಲ್ಲಿ ಬಂತು. ಅದರಲ್ಲಿ ನೀರಾವರಿ ಜಮೀನನ್ನು ಎರಡೂವರೆ ಹೆಕ್ಟೇರಿನ ಚೌಕ ಮಾಡಿ, ಚೌಕಕ್ಕೆ ಒಂದರಂತೆ ಮಣ್ಣು ತೆಗೆದರು. ಅದು ಒಂದು ರೀತಿಯ ಮಾಹಿತಿ. ರೈತರು ತಾವಾಗಿ ಚೀಲದಲ್ಲಿ ಕಟ್ಟಿಕೊಂಡು ತಂದದ್ದು ಇನ್ನೊಂದು ರೀತಿಯದು. ತಾವಾಗಿ ತರುವವರು ಹೊಲ ಕೆಟ್ಟ ಮೇಲೆ ತರುತ್ತಾರೆ. ಆ ಪುಸ್ತಕ ನೋಡಿದರೆ ಊರೆಲ್ಲ ಸವಳಾದ ಹಾಗೆ ಕಾಣುತ್ತದೆ. ತಿಂಗಳೂ ಮುಖ್ಯ. ಏಪ್ರಿಲ್, ಮೇನಲ್ಲಿ ನೆಲ ಒಣಗುವಾಗ ಕೆಳಗಿನ ನೀರು ಮೇಲೆ ಏರಿ ಆರಿ, ಉಪ್ಪು ಮೇಲ್ಪದರದಲ್ಲಿ ಕೂರುತ್ತದೆ. ನೆಲ್ಲಿಗೆ ನೀರು ನಿಲ್ಲಿಸಿದ ಮೇಲೆ ಅದೇ ಹೊಲದ ಮೇಲ್ಪದರ ಬೇರೆ ಸಂಖ್ಯೆ ತೋರಿಸುತ್ತದೆ. ಬೇಸಿಗೆಯ ಒಂದು ಮಾದರಿಯನ್ನು ನವೆಂಬರಿನ ಇನ್ನೊಂದು ಮಾದರಿಯ ಪಕ್ಕ ಇಟ್ಟು ಸವಳು ಹೆಚ್ಚಾಗಿದೆ, ಕಡಿಮೆಯಾಗಿದೆ ಎನ್ನಲು ಆಗುವುದಿಲ್ಲ.

ಆದ್ದರಿಂದ ‘ಸಾವಿರಾರು ಮಾದರಿ’ ಎನ್ನುವ ಮಾತನ್ನು ಪರಿಚಯದಿಂದ ತೆಗೆದೆ. ಇನ್ನೊಂದು ಕಾರಣವೂ ಇದೆ. ಆ ಮಾಹಿತಿ ನಿಮ್ಮದಲ್ಲ, ಕಚೇರಿಯದು. ಅದರಲ್ಲಿ ರೈತರ ಹೆಸರು, ಸರ್ವೆ ನಂಬರು ಇವೆ. ಲಿಖಿತ ಅನುಮತಿ ಇಲ್ಲದೆ ಅದನ್ನು ಬಳಸುತ್ತೇನೆ ಎಂದು ಸಂದರ್ಶನದಲ್ಲಿ ಹೇಳುವುದು ನಿಮಗೇ ತೊಂದರೆ. ಈ ವಾರವೇ ಮೇಲಧಿಕಾರಿಗೆ ಒಂದು ಪತ್ರ ಕೊಡಿ. ಹೆಸರು, ಸರ್ವೆ ನಂಬರು ತೆಗೆದು ಉಳಿದ ಅಂಕಿಗಳನ್ನು ಸಂಶೋಧನೆಗೆ ಬಳಸಲು ಅನುಮತಿ ಕೇಳಿ. ಅನುಮತಿ ಬಂದರೆ ಪ್ರತಿ ತೆಗೆದುಕೊಂಡು ಹೋಗಿ. ಬರದಿದ್ದರೆ ‘ಅನುಮತಿ ಕೇಳಿದ್ದೇನೆ, ಸಿಗದಿದ್ದರೂ ನನ್ನ ಯೋಜನೆ ಹೊಸದಾಗಿ ತೆಗೆಯುವ ಮಾದರಿಗಳ ಮೇಲೇ ನಿಂತಿದೆ’ ಎನ್ನಿ. ಯೋಜನೆ ನಿಜವಾಗಿಯೂ ಹಾಗೆ ಇರಬೇಕು ಕೂಡ. 2017ರ ಇಬ್ಬರು ರೈತರ ವಿಷಯ ಹೇಳುವಾಗಲೂ ಊರಿನ ಹೆಸರು, ಕಾಲುವೆಯ ನಂಬರು ಬೇಡ.

ನಾಲ್ಕು ವರ್ಷದ ಬಿಡುವಿನ ಬಗ್ಗೆ ನಿಮ್ಮ ಕರಡಿನಲ್ಲಿ ಐದು ವಾಕ್ಯ ಇದ್ದವು. ಅತ್ತೆಯವರ ಆರೋಗ್ಯ, ಮಗುವಿನ ಶಾಲೆ, ಯಜಮಾನರ ವರ್ಗಾವಣೆ, ಎಲ್ಲ ಇತ್ತು. ನಾನು ಒಂದೇ ವಾಕ್ಯ ಉಳಿಸಿದೆ. ಕಾರಣಗಳನ್ನು ವಿವರಿಸುತ್ತಾ ಹೋದರೆ ಅದು ಕ್ಷಮೆ ಕೇಳಿದ ಹಾಗೆ ಕೇಳಿಸುತ್ತದೆ. ಕ್ಷಮೆ ಕೇಳುವಂಥದ್ದು ಅಲ್ಲಿ ಏನೂ ಇಲ್ಲ. ಪೂರ್ತಿ ಬಿಟ್ಟುಬಿಟ್ಟರೂ ಕಷ್ಟ. 2008ರಿಂದ 2012 ಅರ್ಜಿಯಲ್ಲಿ ಖಾಲಿ ಕಾಣುತ್ತದೆ, ಅವರೇ ಕೇಳುತ್ತಾರೆ, ಆಗ ನೀವು ಸಿಕ್ಕಿಬಿದ್ದ ಹಾಗೆ ಅನ್ನಿಸುತ್ತದೆ. ನೀವೇ ಒಂದು ವಾಕ್ಯದಲ್ಲಿ ಹೇಳಿ ಮುಂದೆ ಹೋದರೆ ಹೆಚ್ಚಿನವರು ಅದನ್ನು ಮತ್ತೆ ಎತ್ತುವುದಿಲ್ಲ. ‘ಮನೆ ಜವಾಬ್ದಾರಿ ಈಗ ಹೇಗೆ ನಿಭಾಯಿಸುತ್ತೀರಿ?’ ಎಂದು ಯಾರಾದರೂ ಕೇಳಿದರೆ ಕೋಪ ಬರುವುದು ನ್ಯಾಯವೇ. ಗಂಡಸರಿಗೆ ಆ ಪ್ರಶ್ನೆ ಬಂದದ್ದನ್ನು ನಾನು ನೋಡಿಲ್ಲ. ನಾನು ಕೂತ ಸಮಿತಿಗಳಲ್ಲಿ ಅದನ್ನು ಕೇಳಲು ಬಿಡುತ್ತಿರಲಿಲ್ಲ. ಆದರೂ ಬಂದರೆ, ‘ಏರ್ಪಾಡು ಮಾಡಿಕೊಂಡೇ ಅರ್ಜಿ ಹಾಕಿದ್ದೇನೆ ಸರ್’ ಎಂದು ಹೇಳಿ ಸುಮ್ಮನಾಗಿ. ಅದಕ್ಕಿಂತ ಹೆಚ್ಚು ಹೇಳುವ ಅಗತ್ಯ ಇಲ್ಲ.

ವಯಸ್ಸಿನ ಬಗ್ಗೆ ಪರಿಚಯದಲ್ಲಿ ಮಾತೇ ಬೇಡ. ನಿಮ್ಮ ಕರಡಿನ ‘ಈ ವಯಸ್ಸಿನಲ್ಲೂ ಕಲಿಯುವ ಹಂಬಲ’ ಎನ್ನುವ ಸಾಲನ್ನು ಹೊಡೆದು ಹಾಕಿದ್ದೇನೆ. ಕರೆ ಬಂದಿದೆ ಅಂದರೆ ವಯೋಮಿತಿ ನೋಡಿಯೇ ಕರೆದಿದ್ದಾರೆ.

ಆದರೆ ನೌಕರಿಯ ವಿಷಯ ಹಾಗಲ್ಲ. ಅಲ್ಲಿ ಅವರ ಅನುಮಾನ ನಿಜವಾದದ್ದು. ಕೆಲಸದಲ್ಲಿರುವವರು ಸೇರಿಕೊಂಡು ಒಂದು ವರ್ಷದೊಳಗೆ ಬಿಟ್ಟು ಹೋಗುವುದನ್ನು ಎಲ್ಲ ಮಾರ್ಗದರ್ಶಕರೂ ನೋಡಿರುತ್ತಾರೆ. ಆ ಫೆಲೋಶಿಪ್ ಬೇರೆಯವರಿಗೂ ಸಿಗದೆ ಹೋಗುತ್ತದೆ. ಪೂರ್ಣಾವಧಿ ಫೆಲೋಶಿಪ್‌ಗಳಲ್ಲಿ ಸಂಬಳ ಮತ್ತು ಫೆಲೋಶಿಪ್ ಎರಡನ್ನೂ ಒಟ್ಟಿಗೆ ತೆಗೆದುಕೊಳ್ಳುವಂತಿಲ್ಲ ಎನ್ನುವ ಷರತ್ತು ಸಾಮಾನ್ಯ. ನಿಮ್ಮ ಅಧಿಸೂಚನೆಯಲ್ಲಿ ಅದು ಹೇಗಿದೆ ಎಂದು ಇವತ್ತೇ ಓದಿ. ರಜೆ ಯಾವುದು, ಸಂಬಳ ಸಹಿತವೋ ರಹಿತವೋ, ಎಷ್ಟು ವರ್ಷ ಸಿಗುತ್ತದೆ ಎಂದು ಕಚೇರಿಯಲ್ಲಿ ಕೇಳಿಕೊಳ್ಳಿ. ಯುಜಿಸಿ ನಿಯಮದಲ್ಲಿ ಪಿಎಚ್‌ಡಿಗೆ ಕಡಿಮೆ ಅಂದರೆ ಮೂರು ವರ್ಷ ಬೇಕು. ಒಂದೇ ವರ್ಷದ ರಜೆ ಮಂಜೂರಾಗುವ ಹಾಗಿದ್ದರೆ ಉಳಿದ ಎರಡು ವರ್ಷ ಏನು ಎಂದು ಕೇಳಿಯೇ ಕೇಳುತ್ತಾರೆ. ‘ಒಪ್ಪಿಗೆ ಪತ್ರ ತಂದಿದ್ದೇನೆ’ ಎನ್ನುವ ವಾಕ್ಯ ಆ ಪತ್ರ ನಿಮ್ಮ ಕೈಯಲ್ಲಿ ಇದ್ದರೆ ಮಾತ್ರ ಹೇಳಿ. ಇಲ್ಲದಿದ್ದರೆ ‘ಅರ್ಜಿ ಕೊಟ್ಟಿದ್ದೇನೆ’ ಎಂದು ಇದ್ದದ್ದು ಇದ್ದ ಹಾಗೆ ಹೇಳಿ.

‘ಅಂಕಿಅಂಶಗಳ ವಿಶ್ಲೇಷಣೆಯಲ್ಲಿ ಹಿಂದಿದ್ದೇನೆ’ ಎಂದು ಬರೆದದ್ದು ನೋಡಿ ನಿಮಗೆ ಗಾಬರಿ ಆಗಬಹುದು. ನನಗೆ ಅದು ಬೇಕೇ ಬೇಕು. ಎಂ.ಎಸ್ಸಿ ಮುಗಿಸಿ ಇಷ್ಟು ವರ್ಷ ಆದವರಿಗೆ ಅದು ಮರೆತಿರುತ್ತದೆ ಎಂದು ಸಮಿತಿಗೆ ಗೊತ್ತು. ನೀವೇ ಹೇಳಿದರೆ ಪ್ರಶ್ನೆ ‘ಹೇಗೆ ಕಲಿಯುತ್ತಿದ್ದೀರಿ?’ ಎಂದಾಗುತ್ತದೆ. ನೀವು ಹೇಳದೆ ಅವರೇ ಕಂಡುಹಿಡಿದರೆ ಪ್ರಶ್ನೆ ‘ಇದೂ ಗೊತ್ತಿಲ್ಲವೇ?’ ಎಂದಾಗುತ್ತದೆ. ಆದರೆ ಹೇಳಿದ ಮೇಲೆ ತೋರಿಸಲು ಏನಾದರೂ ಇರಬೇಕು. ಐದು ವಾರದಲ್ಲಿ ಇಡೀ ವಿಷಯ ಕಲಿಯಲು ಆಗುವುದಿಲ್ಲ, ಹೋಗಬೇಡಿ. ಮೇಲ್ಭಾಗದ 15 ಮಾದರಿ, ಕೊನೆ ಭಾಗದ 15 ಮಾದರಿಗಳ ನಡುವಿನ ವ್ಯತ್ಯಾಸ ನಿಜವೋ, ಸುಮ್ನೆ ಆಕಸ್ಮಿಕವೋ ಎಂದು ಟಿ ಪರೀಕ್ಷೆಯಿಂದ ನೋಡುವುದನ್ನು ಕಲಿಯಿರಿ. ಕೈಯಲ್ಲಿ ಒಮ್ಮೆ, ಕಂಪ್ಯೂಟರಿನಲ್ಲಿ ಒಮ್ಮೆ ಮಾಡಿ. ಅಷ್ಟನ್ನು ಪೂರ್ತಿ ಅರ್ಥ ಮಾಡಿಕೊಂಡು ಹೋದರೆ ಸಾಕು.

ಸಮಿತಿ ನೋಡುವ ಮೂರರಲ್ಲಿ ಎರಡನೆಯ ವಿಷಯಕ್ಕೆ, ಅಂದರೆ ಈ ಕೆಲಸ ಆ ಸಂಸ್ಥೆಯಲ್ಲೇ ಯಾಕೆ ಎನ್ನುವುದಕ್ಕೆ, ನಿಮ್ಮ ಕರಡಿನಲ್ಲಿ ‘ಪ್ರತಿಷ್ಠಿತ ಸಂಸ್ಥೆ’ ಎಂದು ಮಾತ್ರ ಇದೆ. ಅದನ್ನು ತೆಗೆಯಿರಿ. ನಮ್ಮ ಭಾಗದಲ್ಲಿ ಸವಳಿನ ಕೆಲಸಕ್ಕೆ ದೊಡ್ಡ ನೆಲೆ ಇದೆ. ರಾಯಚೂರು ಕೃಷಿ ವಿಶ್ವವಿದ್ಯಾಲಯದ ಗಂಗಾವತಿ ಕೇಂದ್ರ, ಕರ್ನಾಲ್‌ನ ಕೇಂದ್ರೀಯ ಮಣ್ಣು ಲವಣತೆ ಸಂಶೋಧನಾ ಸಂಸ್ಥೆ ನಡೆಸುವ ಅಖಿಲ ಭಾರತ ಯೋಜನೆಯ ಒಂದು ಕೇಂದ್ರ. ನೆಲದೊಳಗೆ ಪೈಪು ಹಾಕಿ ನೀರು ಬಸಿಯುವ ಪ್ರಯೋಗಗಳು ಅಲ್ಲಿ ಆಗಿವೆ. ನೀವು ಎಲ್ಲಿಗೆ ಸಂದರ್ಶನಕ್ಕೆ ಹೋದರೂ ಈ ಕೆಲಸ ಓದದೆ ಹೋಗಬಾರದು. ‘ಗಂಗಾವತಿಯಲ್ಲಿ ಇದೆಲ್ಲ ಆಗಿದೆಯಲ್ಲ, ನಿಮ್ಮದರಲ್ಲಿ ಹೊಸದೇನು?’ ಎನ್ನುವ ಪ್ರಶ್ನೆ ಖಂಡಿತ ಬರುತ್ತದೆ. ಅದಕ್ಕೆ ನಿಮ್ಮ ಉತ್ತರ ನಿಮ್ಮ ಪ್ರಶ್ನೆಯಲ್ಲೇ ಇದೆ: ಬಸಿಯುವ ಪೈಪು ಮೇಲ್ಭಾಗದ ರೋಗಕ್ಕೆ ಔಷಧ, ಕೊನೆ ಭಾಗದ ರೋಗ ಅದೇನಾ ಎಂದು ನಾನು ನೋಡುತ್ತಿದ್ದೇನೆ. ಓದಿದ ಮೇಲೂ ಈ ಉತ್ತರ ನಿಲ್ಲುತ್ತದೆಯೇ ಎಂದು ನೋಡಿ. ನಿಲ್ಲದಿದ್ದರೆ ಪ್ರಶ್ನೆಯನ್ನೇ ಸ್ವಲ್ಪ ಬದಲಿಸಿ. ಸಂದರ್ಶನಕ್ಕೆ ಮುಂಚೆ ಬದಲಿಸುವುದರಲ್ಲಿ ತಪ್ಪಿಲ್ಲ.

ಭಾಷೆಯ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಸಂದರ್ಶನ ಇಂಗ್ಲಿಷಿನಲ್ಲಿ ಇದ್ದರೆ ಮೇಲಿನ ಕನ್ನಡವನ್ನು ಪದಕ್ಕೆ ಪದ ಅನುವಾದ ಮಾಡಿ ಬಾಯಿಪಾಠ ಮಾಡಬೇಡಿ. ಬಾಯಿಪಾಠದ ಮಾತು ನಡುವೆ ಯಾರಾದರೂ ತಡೆದರೆ ಮುರಿದು ಬೀಳುತ್ತದೆ. ಸಮಿತಿಯವರು ಖಂಡಿತ ತಡೆಯುತ್ತಾರೆ. ಅದು ಒಳ್ಳೆಯ ಲಕ್ಷಣ. 2017ರ ಕತೆಯ ನಡುವೆಯೇ ‘ಆ ಹೊಲದಲ್ಲಿ ಅಂತರ್ಜಲ ಎಷ್ಟು ಆಳದಲ್ಲಿತ್ತು?’ ಎಂದು ಕೇಳಿದರೆ ನಿಮ್ಮ ಪರಿಚಯ ಕೆಲಸ ಮಾಡಿದೆ ಎಂದರ್ಥ. ಪರಿಚಯಕ್ಕೆ ವಾಪಸ್ ಹೋಗಲು ಒದ್ದಾಡಬೇಡಿ. ಆ ಪ್ರಶ್ನೆಗೆ ಉತ್ತರ ಕೊಡಿ, ಅಳೆದಿರಲಿಲ್ಲವಾದರೆ ಅಳೆದಿರಲಿಲ್ಲ ಎನ್ನಿ. ಬಾಯಿಪಾಠ ಮಾಡುವುದಾದರೆ ಎರಡೇ ಸಾಲು ಸಾಕು: ಮೊದಲ ಸಾಲು ಮತ್ತು ನಿಮ್ಮ ಸಂಶೋಧನೆಯ ಪ್ರಶ್ನೆ. ಎದೆ ಹೊಡೆದುಕೊಳ್ಳುವಾಗ ಮೊದಲ ಸಾಲು ನಿಮ್ಮನ್ನು ದಾಟಿಸುತ್ತದೆ. ಪ್ರಶ್ನೆಯ ಸಾಲಿನಲ್ಲಿ ಒಂದು ಪದವೂ ಆಚೀಚೆ ಆಗಬಾರದು. ಉಳಿದದ್ದು ಪ್ರತಿ ಸಲ ಸ್ವಲ್ಪ ಬೇರೆ ಬಂದರೆ ಒಳ್ಳೆಯದು. ಸವಳು, ಟೇಲ್ ಎಂಡ್, ಎರೆ ಎನ್ನುವ ಪದಗಳನ್ನು ಇಂಗ್ಲಿಷ್ ಮಾತಿನ ನಡುವೆಯೂ ಬಿಡಬೇಡಿ. ಅವು ನೀವು ಹೊಲ ನೋಡಿದ್ದೀರಿ ಎಂದು ಹೇಳುತ್ತವೆ.

ಅಭ್ಯಾಸವನ್ನು ಇಬ್ಬರ ಮುಂದೆ ಮಾಡಿ. ಒಬ್ಬರು ಮಣ್ಣಿನ ವಿಷಯ ಗೊತ್ತಿರುವವರು. ಅವರಿಗೆ ಮಾತು ನಡುವೆ ತಡೆದು ಕೇಳಲು ಹೇಳಿ. ಇನ್ನೊಬ್ಬರು ಏನೂ ಗೊತ್ತಿಲ್ಲದವರು, ನಿಮ್ಮ ಮಗನೇ ಆಗಬಹುದು. ಕೇಳಿದ ಮೇಲೆ ‘ಅಮ್ಮ ಏನು ಕಂಡುಹಿಡಿಯಬೇಕು ಅಂತಿದ್ದಾಳೆ?’ ಎನ್ನುವುದಕ್ಕೆ ಅವನು ಒಂದು ವಾಕ್ಯದಲ್ಲಿ ಉತ್ತರ ಕೊಡಬೇಕು. ಅವನು ‘ಸವಳು ಭೂಮಿ ಬಗ್ಗೆ’ ಎಂದರೆ ಪ್ರಶ್ನೆ ಇನ್ನೂ ಸ್ಪಷ್ಟವಾಗಿಲ್ಲ. ‘ಇಬ್ಬರ ಹೊಲ ಒಂದೇ ಕಾರಣಕ್ಕೆ ಕೆಟ್ಟಿದೆಯಾ ಅಂತ’ ಎಂದರೆ ಸರಿಯಾಗಿದೆ.

ಕೊನೆಯದಾಗಿ ಒಂದು ಕೆಲಸ, ಈ ಐದು ವಾರದಲ್ಲಿ ನಿಮ್ಮಿಂದ ಮಾತ್ರ ಆಗುವಂಥದ್ದು. ಪರಿಚಯದ ರೈತರನ್ನು ಕೇಳಿ, ಮೇಲ್ಭಾಗದ ಐದು ಹೊಲ, ಕೊನೆ ಭಾಗದ ಐದು ಹೊಲದಿಂದ ಒಂದೇ ವಾರದಲ್ಲಿ ಮಣ್ಣು ತೆಗೆಯಿರಿ. ಒಣಗಿಸಿ, 2 ಮಿಲಿಮೀಟರ್ ಜರಡಿ ಹಿಡಿಯಿರಿ. ಹತ್ತಕ್ಕೂ 1:2.5 ಇಸಿ ನೋಡಿ. ಆಮೇಲೆ ಅದೇ ಹತ್ತರಲ್ಲಿ ತಲಾ 250 ಗ್ರಾಂ ತೆಗೆದುಕೊಂಡು ಡಿಸ್ಟಿಲ್ಡ್ ವಾಟರ್ ಸ್ವಲ್ಪ ಸ್ವಲ್ಪವೇ ಹಾಕುತ್ತಾ ಕಲಸಿ ಪೇಸ್ಟ್ ಮಾಡಿ. ಮೇಲ್ಮೈ ಹೊಳೆಯಬೇಕು, ಬಟ್ಟಲು ವಾಲಿಸಿದರೆ ಮೆಲ್ಲಗೆ ಜರುಗಬೇಕು, ಚಮಚಕ್ಕೆ ಅಂಟದೆ ಜಾರಬೇಕು. ಎರೆ ಮಣ್ಣು ನೀರು ಎಳೆದುಕೊಳ್ಳಲು ಹೊತ್ತು ಬೇಕು. ರಾತ್ರಿಯಿಡೀ ಮುಚ್ಚಿಟ್ಟು ಬೆಳಿಗ್ಗೆ ಮತ್ತೆ ನೋಡಿ, ಗಟ್ಟಿಯಾಗಿದ್ದರೆ ಇನ್ನಷ್ಟು ನೀರು ಹಾಕಿ. ಎಷ್ಟು ನೀರು ಹಿಡಿಯಿತು ಎಂದು ಬರೆದಿಡಿ. ವ್ಯಾಕ್ಯೂಮ್ ಪಂಪಿನಿಂದ ನೀರು ಎಳೆದು ಅದರ ಇಸಿ ಅಳೆಯಿರಿ. ನಿಮ್ಮಲ್ಲಿ ಪಂಪು ಇಲ್ಲದಿದ್ದರೆ ಹತ್ತಿರದ ಕೃಷಿ ಕಾಲೇಜಿನಲ್ಲಿ ಕೇಳಿ. ಕಚೇರಿಯ ಉಪಕರಣ ಬಳಸುವ ಮೊದಲು ಮೇಲಧಿಕಾರಿಗೆ ತಿಳಿಸಿ.

ಹತ್ತು ಮಾದರಿಯಿಂದ ಏನೂ ಸಾಬೀತಾಗುವುದಿಲ್ಲ, ಹಾಗೆಂದು ಹೇಳಲೂ ಬೇಡಿ. ಆದರೆ ಎರಡು ಕಾಲಮ್ಮಿನ ಆ ಒಂದು ಹಾಳೆಯನ್ನು ಫೈಲಿನಲ್ಲಿ ಮೇಲೆ ಇಟ್ಟುಕೊಳ್ಳಿ. ಇಸಿ ಬಗ್ಗೆ ಪ್ರಶ್ನೆ ಬಂದಾಗ ತೆಗೆದು ಅವರ ಮುಂದಿಡಿ. ಸಂಖ್ಯೆಗಳು ಬಂದ ಮೇಲೆ ನನಗೂ ಒಂದು ಪ್ರತಿ ಕಳಿಸಿ. ನಿಮ್ಮ ಎರೆ ಮಣ್ಣು ಎಷ್ಟು ನೀರು ಹಿಡಿಯಿತು ಎಂದು ನನಗೂ ನೋಡಬೇಕು.